ಸಂಜೆ ಊದಿದರೆ 270: ಹೊಗೆ, ಘಾಟು, ಕಂಪು ಮತ್ತು ಒಂದು ಉಬ್ಬಸದ ಮನೆ

ಮೈಸೂರಿನ ಹಳೇ ಬಡಾವಣೆಯೊಂದರ ಮನೆ. ರೋಗಿಗೆ 38 ವರ್ಷ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವ ಮೇಡಂ. ಹನ್ನೆರಡನೇ ವಯಸ್ಸಿನಿಂದ ಉಬ್ಬಸ ಇದೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಸಂಗತಿಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ನಾಲ್ಕೈದು ವರ್ಷ ಅವರ ಉಬ್ಬಸ ಹಿಡಿತದಲ್ಲೇ ಇತ್ತು. ದಿನಕ್ಕೆರಡು ಬಾರಿ ಬುಡೆಸೊನೈಡ್-ಫಾರ್ಮೋಟೆರಾಲ್ ಇನ್ಹೇಲರ್ ಎಳೆದುಕೊಂಡರೆ ರಾತ್ರಿ ನಿದ್ದೆ, ಹಗಲು ಪಾಠ ಎರಡಕ್ಕೂ ತೊಂದರೆ ಇರಲಿಲ್ಲ. ಫೆಬ್ರವರಿಯಲ್ಲಿ ಬಾಡಿಗೆ ಮನೆ ಬಿಟ್ಟು, ಒಬ್ಬರೇ ಇದ್ದ ಅತ್ತೆಯ ಜೊತೆಗಿರಲು ಗಂಡನ ಹಳೆಯ ಮನೆಗೆ ಹೋದರು. ಮೇ ತಿಂಗಳಲ್ಲಿ ನನ್ನ ಹತ್ತಿರ ಬಂದಾಗ ವಾರಕ್ಕೆ ಮೂರು ರಾತ್ರಿ ಎದ್ದು ಕೂರುತ್ತಿದ್ದರು. ಸಂಜೆಯಾದರೆ ಎದೆಯಲ್ಲಿ ಸುಯ್ ಸುಯ್ ಸದ್ದು. ತುರ್ತಿಗೆಂದು ಕೊಟ್ಟಿದ್ದ ಪಂಪನ್ನು ದಿನಕ್ಕೆ ಮೂರು ನಾಲ್ಕು ಸಲ ಒತ್ತುತ್ತಿದ್ದರು.

ಮೊದಲ ತಪ್ಪು ನನ್ನದೇ. ಇನ್ಹೇಲರ್ ಎಳೆಯುವ ಕ್ರಮ ನೋಡಿದೆ, ಸ್ವಲ್ಪ ತಿದ್ದಿದೆ, ಔಷಧದ ಪ್ರಮಾಣ ಏರಿಸಿ ಕಳಿಸಿದೆ. ಮನೆ ಬದಲಾಗಿದೆ ಎಂದು ಅವರೇ ಹೇಳಿದ್ದರು. ಆ ಮನೆಯಲ್ಲಿ ಏನೇನಿದೆ ಎಂದು ನಾನು ಕೇಳಲಿಲ್ಲ. ಒಂದು ಪೀಕ್ ಫ್ಲೋ ಮೀಟರ್ ಕೊಂಡು, ಬೆಳಿಗ್ಗೆ ಎದ್ದಾಗ ಮತ್ತು ರಾತ್ರಿ ಎಂಟಕ್ಕೆ ಊದಿ, ಮೂರು ಸಲದಲ್ಲಿ ಹೆಚ್ಚು ಬಂದ ಅಂಕಿಯನ್ನು ಬರೆದಿಡಿ ಎಂದದ್ದು ಮಾತ್ರ ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ.

ತಲೆಕೆಳಗಾದ ಅಂಕಿಗಳು

ಪೀಕ್ ಫ್ಲೋ ಮೀಟರ್ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಕೊಳವೆ. ಉಸಿರು ತುಂಬಿಕೊಂಡು ಜೋರಾಗಿ ಊದಿದರೆ ಗಾಳಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಹೊರಬಂತೆಂದು ಮುಳ್ಳು ತೋರಿಸುತ್ತದೆ. ಶ್ವಾಸನಾಳ ಬಿಗಿದಷ್ಟೂ ಅಂಕಿ ಇಳಿಯುತ್ತದೆ. ಆರೋಗ್ಯ ಚೆನ್ನಾಗಿದ್ದಾಗ ಈ ಮೇಡಂ ಊದಿದ್ದ ಅತ್ಯುತ್ತಮ ಅಂಕಿ 390.

ಮೂರು ವಾರದ ನಂತರ ತಂದ ನೋಟ್‌ಬುಕ್ಕಿನಲ್ಲಿ ಬೆಳಗಿನ ಅಂಕಿ 320ರ ಆಸುಪಾಸು, ರಾತ್ರಿಯದು 270. ಶುಕ್ರವಾರಗಳಂದು 240. ಇದು ವಿಚಿತ್ರ. ಉಬ್ಬಸದವರ ಶ್ವಾಸನಾಳ ಸಾಮಾನ್ಯವಾಗಿ ಬೆಳಗಿನ ಜಾವ ಬಿಗಿದುಕೊಂಡಿರುತ್ತದೆ, ಸಂಜೆಯ ಹೊತ್ತಿಗೆ ಸಡಿಲವಾಗುತ್ತದೆ. ಇವರದು ಉಲ್ಟಾ. ಸಂಜೆಯ ಅಂಕಿ ದಿನವೂ ಬೆಳಗಿನದಕ್ಕಿಂತ ಕಡಿಮೆ ಇದ್ದರೆ, ಹಗಲು ಹೊತ್ತಿನಲ್ಲಿ ಏನೋ ತಾಗುತ್ತಿದೆ ಎಂದೇ ಅರ್ಥ. ಶಾಲೆಯ ಸೀಮೆಸುಣ್ಣವೋ ಎಂದುಕೊಂಡೆ. ಆದರೆ ಭಾನುವಾರವೂ ಅಂಕಿ ಹಾಗೇ ಇತ್ತು. ನಡುವೆ ನಾಲ್ಕು ದಿನ ಸಾಗರದ ಅಕ್ಕನ ಮನೆಗೆ ಹೋಗಿದ್ದಾಗಿನ ಅಂಕಿಗಳು ಇನ್ನೊಂದೇ ಕಥೆ ಹೇಳುತ್ತಿದ್ದವು: 335, 350, 365, 375. ಔಷಧ ಅದೇ, ಊರು ಮತ್ತು ಮನೆ ಬೇರೆ.

ಜುಲೈನ ಒಂದು ಸಂಜೆ ಆರೂವರೆಗೆ ಅವರ ಮನೆಗೆ ಹೋದೆ. ಬೇಕೆಂದೇ ಪೂಜೆಯ ಹೊತ್ತಿಗೆ.

ಮನೆಯೊಳಗಿನ ಪರಿಮಳಗಳು

ಹಜಾರಕ್ಕೆ ತೆರೆದುಕೊಳ್ಳುವ ಪುಟ್ಟ ದೇವರ ಮನೆ, ಅದಕ್ಕೆ ಕಿಟಕಿ ಇಲ್ಲ. ಬೆಳಿಗ್ಗೆ ಎರಡು, ಸಂಜೆ ಮೂರು ಅಗರಬತ್ತಿ. ಶುಕ್ರವಾರ ಇದರ ಜೊತೆ ಸಾಂಬ್ರಾಣಿ. ಕೆಂಡದ ಮೇಲೆ ಹಾಕುವುದು ಕಷ್ಟವಾಗಿದ್ದರಿಂದ ಈಗ ಬರುವ ಅಚ್ಚಿನ ‘ಕಂಪ್ಯೂಟರ್ ಸಾಂಬ್ರಾಣಿ’ ಹಚ್ಚಿ ಅತ್ತೆ ಕೋಣೆಕೋಣೆಗೂ ಹಿಡಿದು ಬರುತ್ತಿದ್ದರು. ಸೊಳ್ಳೆಯ ಭಯಕ್ಕೆ ಐದೂವರೆಗೇ ಕಿಟಕಿ ಮುಚ್ಚುತ್ತಿದ್ದರು. ಹಜಾರದ ಗೋಡೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ತಾನಾಗಿ ಪುಸ್ಸೆನ್ನುವ ರೂಮ್ ಫ್ರೆಶ್‌ನರ್, ನೆಲಕ್ಕೆ ನಿಂಬೆ ವಾಸನೆಯ ಫಿನಾಯಿಲು, ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಬೀರುವಿನಲ್ಲಿ ನುಸಿಗುಳಿಗೆ. ಅತ್ತೆಯ ಮುಡಿಯಲ್ಲಿ ದುಂಡುಮಲ್ಲಿಗೆ.

ಮೇಡಂ ಬೊಟ್ಟು ಮಾಡಿ ತೋರಿಸಿದ್ದು ಮಾತ್ರ ಮಲ್ಲಿಗೆಯನ್ನು. “ನನಗೆ ಆಗದೇ ಇರೋದು ಅದೊಂದೇ ಡಾಕ್ಟ್ರೇ. ಚಿಕ್ಕವಳಿದ್ದಾಗ ಛತ್ರದಲ್ಲಿ ಮಲ್ಲಿಗೆ ವಾಸನೆಗೇ ದಮ್ಮು ಕಟ್ಟಿ ಆಸ್ಪತ್ರೆಗೆ ಹೋಗಿದ್ದೆ.” ಸೊಸೆಗೆ ಆಗುವುದಿಲ್ಲವೆಂದು ಅತ್ತೆ ಆಗಲೇ ಮುಡಿಯುವುದನ್ನು ಕಡಿಮೆ ಮಾಡಿದ್ದರು. ಅದರ ಬೇಸರ ಇಬ್ಬರ ನಡುವೆ ಇದ್ದದ್ದು ಕಾಣುತ್ತಿತ್ತು.

ಈ ಪಟ್ಟಿಯನ್ನು ವಾಸನೆಯ ಪ್ರಕಾರ ನೋಡಿದರೆ ಏನೂ ತಿಳಿಯುವುದಿಲ್ಲ. ಗಾಳಿಗೆ ಏನು ಸೇರುತ್ತಿದೆ ಎಂದು ನೋಡಬೇಕು. ಕನ್ನಡದಲ್ಲಿ ಇದಕ್ಕೆ ಬೇಕಾದ ಮೂರು ಮಾತುಗಳು ಮೊದಲೇ ಇವೆ: ಹೊಗೆ, ಘಾಟು, ಕಂಪು.

ಹೊಗೆ ಎಂದರೆ ಕಣ. ಅಗರಬತ್ತಿ ಉರಿಯದೆ ಕನಲುವ ಕಡ್ಡಿ. ಬಿದಿರು, ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು, ಮೇಲೆ ಸುಗಂಧದ ಎಣ್ಣೆ. ಕನಲುವ ಬೆಂಕಿಯಲ್ಲಿ ಯಾವುದೂ ಪೂರ್ತಿ ಸುಡುವುದಿಲ್ಲ, ಅರ್ಧ ಸುಟ್ಟದ್ದು ಸೂಕ್ಷ್ಮ ಕಣವಾಗಿ ಎದೆಯಾಳಕ್ಕೆ ಇಳಿಯುತ್ತದೆ. ಒಂದು ಗ್ರಾಂ ಅಗರಬತ್ತಿ ಸುಟ್ಟರೆ ಸುಮಾರು 45 ಮಿಲಿಗ್ರಾಂ ಕಣ ಬರುತ್ತದೆಂದು ಅಳೆದಿದ್ದಾರೆ, ಅದೇ ಒಂದು ಗ್ರಾಂ ಸಿಗರೇಟಿಗೆ ಸುಮಾರು 10. ಸೊಳ್ಳೆ ಬತ್ತಿಯ ಲೆಕ್ಕ ಇನ್ನೂ ಜೋರು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಪೂರ್ತಿ ಸುರುಳಿ ಉಗುಳುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಎಂದಿತು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಇದನ್ನು ಹಚ್ಚುವವರು ಎಷ್ಟು ಜನ!

ಘಾಟು ಬೇರೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ಮನೆಯವರೆಲ್ಲ ಕೆಮ್ಮುವುದು ಅದರ ವಾಸನೆಗಲ್ಲ, ಘಾಟಿಗೆ. ಮೂಗು, ಗಂಟಲು, ಶ್ವಾಸನಾಳದ ಗೋಡೆಯಲ್ಲಿ ಉರಿಯನ್ನು ಗುರುತಿಸುವ ನರಗಳಿವೆ. ಅವು ಕೆರಳಿದರೆ ಮೆದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಮರುಕ್ಷಣವೇ ಶ್ವಾಸನಾಳದ ಸ್ನಾಯುವಿಗೆ ‘ಬಿಗಿದುಕೋ’ ಎಂಬ ಆಜ್ಞೆ ಬರುತ್ತದೆ. ಉಬ್ಬಸದವರಲ್ಲಿ ಈ ನರಗಳು ಮೊದಲೇ ಸಿಡುಕು. ಆದ್ದರಿಂದಲೇ ಸೆಂಟಿನಿಂದ ದಮ್ಮು ಬರುವ ಬಹಳಷ್ಟು ಜನರಿಗೆ ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಅದು ಅಲರ್ಜಿಯಲ್ಲ, ಕೆರಳಿಕೆ. ಸ್ಪ್ರೇ, ಡಿಯೋ, ಫಿನಾಯಿಲಿನ ಪೆಟ್ಟು ಹೆಚ್ಚಾಗಿ ಈ ದಾರಿಯದು. ನಿಂಬೆ, ಕಿತ್ತಳೆ ವಾಸನೆಯ ಲಿಮೊನೀನ್ ಎಂಬ ವಸ್ತು ಗಾಳಿಯ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಹೊಸ ಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತದೆ. ಓಝೋನ್ ಬಿಡುವ ‘ಏರ್ ಪ್ಯೂರಿಫೈಯರ್’ ಇಟ್ಟುಕೊಂಡ ಮನೆಯಲ್ಲಿ ಇದು ಇನ್ನಷ್ಟು.

ಕಂಪು ಮೂರನೆಯದು. ಸುಡದೆ, ಚಿಮುಕಿಸದೆ, ತಾನಾಗಿ ಸ್ವಲ್ಪಸ್ವಲ್ಪವೇ ಗಾಳಿಗೆ ಬಿಡುವ ಪರಿಮಳ. ಇದರಲ್ಲೂ ಕೆಲವರಿಗೆ ತೊಂದರೆ ಆಗಬಹುದು. ಆದರೆ ಮನೆಗೆ ಪರಿಮಳ ಬೇಕೇ ಬೇಕು ಎಂದಾದರೆ ಹುಡುಕಬೇಕಾದದ್ದು ಇಲ್ಲಿಯೇ.

ಎರಡು ವಾರ ಏನೂ ಇಲ್ಲ

ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ, ಎರಡು ವಾರ ನೋಡಿ, ಆಮೇಲೆ ಒಂದೊಂದನ್ನೇ ವಾಪಸ್ ತರೋಣ ಎಂದೆ. ಸ್ಪ್ರೇ ಡಬ್ಬಿ, ನುಸಿಗುಳಿಗೆ, ಸುವಾಸನೆಯ ಫಿನಾಯಿಲು ಹೊರಗೆ ಹೋಗುವುದಕ್ಕೆ ಯಾರ ತಕರಾರೂ ಇರಲಿಲ್ಲ. ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಿ ಕಿಟಕಿಗೆ ಜಾಲರಿ ಹಾಕಿಸಿದರು. ಇದರಿಂದ ಸಂಜೆ ಕಿಟಕಿ ತೆರೆದಿಡುವುದೂ ಸಾಧ್ಯವಾಯಿತು.

ಅಗರಬತ್ತಿಯ ಮಾತು ಬಂದಾಗ ಅತ್ತೆ ಸುಮ್ಮನಾದರು. ನಾನೂ ಸುಮ್ಮನಾದೆ. ವೈದ್ಯರು ಇಂಥ ಜಾಗದಲ್ಲಿ ಉಪನ್ಯಾಸ ಶುರು ಮಾಡಿದರೆ ಕೆಲಸ ಕೆಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: “ವಸ್ತ್ರ ಇಲ್ಲದಿದ್ದರೆ ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ ಅನ್ನಲ್ವೇನಪ್ಪ, ಹಾಗೇ ಧೂಪಕ್ಕೂ ಎರಡು ಕಾಳು ಅಕ್ಷತೆ ಹಾಕಿದ್ರಾಯ್ತು. ಗಂಧ ಇದೆ, ಹೂವಿದೆ, ದೀಪ ಇದೆ.” ಪಂಚೋಪಚಾರದಲ್ಲಿ ಹೊಗೆ ಬರುವುದು ಮುಖ್ಯವಾಗಿ ಧೂಪದಿಂದ. ದೀಪವೂ ಸ್ವಲ್ಪ ಮಸಿ ಬಿಡುತ್ತದೆ, ಅದಕ್ಕೆ ಬತ್ತಿ ಗಿಡ್ಡವಿರಲಿ, ಕುಡಿ ಹೊಗೆಯಾಡಿದರೆ ಬತ್ತಿ ಕೆಳಗೆಳೆಯಿರಿ ಎಂದಷ್ಟೇ ಹೇಳಿದೆ.

ಮೊದಲ ನಾಲ್ಕು ದಿನ ಅಂಕಿ ಹೆಚ್ಚೇನೂ ಏರಲಿಲ್ಲ. ಮೇಡಂಗೆ ಅಪನಂಬಿಕೆ ಶುರುವಾಗಿತ್ತು. ಕೆರಳಿದ ಶ್ವಾಸನಾಳದ ಊತ ಒಂದೆರಡು ದಿನದಲ್ಲಿ ಇಳಿಯುವುದಿಲ್ಲ, ವಾರಗಟ್ಟಲೆ ಬೇಕು. ಒಂದು ದಿನ ಅಗರಬತ್ತಿ ಬಿಟ್ಟು ನೋಡಿದ್ವಿ, ಏನೂ ವ್ಯತ್ಯಾಸ ಇಲ್ಲ ಎನ್ನುವವರು ಮೋಸಹೋಗುವುದು ಇಲ್ಲೇ. ಆರನೇ ದಿನ ರಾತ್ರಿಯ ಅಂಕಿ 325. ಎರಡನೇ ವಾರದ ಕೊನೆಗೆ ಬೆಳಿಗ್ಗೆ 350, ರಾತ್ರಿ 362. ಸಂಜೆಯ ಅಂಕಿ ಬೆಳಗಿನದನ್ನು ದಾಟಿತ್ತು.

ಆ ಎರಡು ವಾರದಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಫ್ರೆಶ್‌ನರ್ ನಿಂತ ಮೂರನೇ ದಿನ ಹಜಾರದಲ್ಲಿ ಮುಗ್ಗಲು ವಾಸನೆ. ಬಚ್ಚಲಿನ ಪೈಪು ಸೋರಿ ಹಜಾರದ ಬೀರುವಿನ ಹಿಂದೆ ಗೋಡೆ ಒದ್ದೆಯಾಗಿ ಬೂಷ್ಟು ಕಟ್ಟಿತ್ತು. ವರ್ಷಗಟ್ಟಲೆ ಆ ವಾಸನೆಯನ್ನು ಮುಚ್ಚುವುದಕ್ಕೇ ಫ್ರೆಶ್‌ನರ್ ಬಂದದ್ದು. ಬೂಷ್ಟೂ ಉಬ್ಬಸ ಕೆರಳಿಸುತ್ತದೆ. ಪ್ಲಂಬರ್ ಕರೆಸಿ, ಗಾರೆ ಕೆತ್ತಿಸಿ, ಒಣಗಿಸಿದರು. ಆ ವಾರ ಮೇಡಂ ಮತ್ತೆ ಅಕ್ಕನ ಮನೆಯಲ್ಲಿದ್ದರು, ಗಾರೆಯ ಧೂಳು ಕುಡಿಯಬಾರದಲ್ಲ.

ಮೂಗು ಹೇಳಿದ್ದು, ಮೀಟರ್ ಹೇಳಿದ್ದು

ವಾಪಸ್ ತರುವ ಪ್ರಯೋಗಕ್ಕೆ ಕ್ರಮ ಇದು: ಒಂದು ಸಲಕ್ಕೆ ಒಂದೇ ವಸ್ತು. ಮೊದಲು ಊದಿ ಅಂಕಿ ಬರೆಯಬೇಕು. ಹದಿನೈದು ನಿಮಿಷ ಆ ಪರಿಮಳದ ಜೊತೆ ಕೂತು, ಅರ್ಧ ಗಂಟೆಗೆ, ಎರಡು ಗಂಟೆಗೆ, ಮರುದಿನ ಬೆಳಿಗ್ಗೆ ಮತ್ತೆ ಊದಬೇಕು. ನಡುವೆ ಎರಡು ದಿನ ಬಿಡುವು. ಪಂಪು ಕೈಯಲ್ಲೇ ಇರಬೇಕು, ಅಂಕಿ ಶೇಕಡಾ 15 ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಹಿಂದೆ ಉಬ್ಬಸಕ್ಕೆ ಐಸಿಯು ಸೇರಿದ್ದವರು, ಈಗ ನೆಗಡಿ ಕೆಮ್ಮಿರುವವರು ಇದನ್ನು ಮನೆಯಲ್ಲಿ ಮಾಡುವಂತೆಯೇ ಇಲ್ಲ.

ಮಲ್ಲಿಗೆಯನ್ನು ಮೊದಲು ತೆಗೆದುಕೊಂಡೆವು, ನನ್ನ ಕ್ಲಿನಿಕ್ಕಿನಲ್ಲೇ, ನನ್ನ ಕಣ್ಣೆದುರಿಗೇ. ಮೊಳ ಹೂವಿದ್ದ ಸ್ಟೀಲ್ ಡಬ್ಬಿ ಮುಚ್ಚಳ ತೆಗೆದು ಎರಡು ನಿಮಿಷವಾಗಿರಲಿಲ್ಲ, ಕೆಮ್ಮು ಶುರುವಾಯಿತು. “ಎದೆ ಹಿಡೀತಾ ಇದೆ ಡಾಕ್ಟ್ರೇ.” ಊದಿಸಿದೆ: ಮೊದಲು 360, ಈಗ 355. ಅರ್ಧ ಗಂಟೆಗೆ 360. ಮರುದಿನ 358.

ಇದನ್ನು ‘ಬರೀ ಮನಸ್ಸಿನದು’ ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 17 ಮಂದಿ ಉಬ್ಬಸದವರಿಗೆ ಗುಲಾಬಿಯಂಥ ಒಂದೇ ವಾಸನೆಯನ್ನು 15 ನಿಮಿಷ ಮೂಸಿಸಿದರು. ಘಾಟಿಲ್ಲದ, ಬರೀ ವಾಸನೆಯ ವಸ್ತು ಅದು. ಕೆಲವರಿಗೆ ಇದು ಉಬ್ಬಸ ತರಬಹುದು ಎಂದರು, ಉಳಿದವರಿಗೆ ಇದು ಒಳ್ಳೆಯದು ಎಂದರು. ಕೆಟ್ಟದ್ದೆಂದು ಕೇಳಿದವರ ಉಸಿರಿನಲ್ಲಿ ಉರಿಯೂತದ ಗುರುತಾದ ನೈಟ್ರಿಕ್ ಆಕ್ಸೈಡ್ ನಿಜವಾಗಿಯೇ ಏರಿತು, ಮರುದಿನವೂ ಇಳಿದಿರಲಿಲ್ಲ. ಭಯ ಎದೆಗೇ ಇಳಿಯುತ್ತದೆ. ಮೇಡಂಗೆ ಇಷ್ಟು ಹೇಳಿ, ಅವರ ಅಂಕಿಗಳನ್ನೇ ತೋರಿಸಿದೆ. ಛತ್ರದಲ್ಲಿ ಅವತ್ತು ಮಲ್ಲಿಗೆ ಇತ್ತು ನಿಜ. ಹೋಮವೂ ಇದ್ದಿರಬೇಕಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, “ಹೋಮದ ಪಕ್ಕದಲ್ಲೇ ಕೂತಿದ್ದೆ” ಎಂದರು. ಮೂರನೇ ಸಲ ಡಬ್ಬಿ ತೆರೆದಾಗ ಕೆಮ್ಮು ಬರಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ನಡೆದದ್ದು ಆಗಸ್ಟಿನಲ್ಲಿ. ನಾದಿನಿ ಬೆಂಗಳೂರಿನಿಂದ ನೀರಿನ ಮಂಜು ಎಬ್ಬಿಸುವ ಡಿಫ್ಯೂಸರ್ ಮತ್ತು ನೀಲಗಿರಿ ಎಣ್ಣೆ ತಂದುಕೊಟ್ಟಿದ್ದರು. “ಅತ್ತಿಗೆ, ಇದು ನ್ಯಾಚುರಲ್, ಉಸಿರಾಟಕ್ಕೆ ಒಳ್ಳೇದು.” ಹಚ್ಚಿದ ಕೂಡಲೇ ಮೇಡಂಗೆ ಹಾಯೆನ್ನಿಸಿತು, ಮೂಗು ಬಿಟ್ಟಿತು. ಅರ್ಧ ಗಂಟೆಗೆ ಊದಿದರೆ 365 ಇದ್ದದ್ದು 318. ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಬರೆದು, ಎರಡು ಪಫ್ ತೆಗೆದುಕೊಂಡು, ಯಂತ್ರ ಆರಿಸಿ ನನಗೆ ಫೋನ್ ಮಾಡಿದರು.

ನೀಲಗಿರಿ, ಪುದೀನದಂಥವು ಮೂಗಿನಲ್ಲಿ ತಂಪನ್ನು ಗುರುತಿಸುವ ನರವನ್ನು ಎಬ್ಬಿಸುತ್ತವೆ. ಗಾಳಿ ಸಲೀಸಾಗಿ ಹೋಗುತ್ತಿದೆ ಅನ್ನಿಸುತ್ತದೆ. ದಾರಿ ಮಾತ್ರ ಅಗಲವಾಗಿರುವುದಿಲ್ಲ. ಇವರ ಶ್ವಾಸನಾಳ ಎಣ್ಣೆ ಬೆರೆತ ಮಂಜಿಗೆ ಬಿಗಿದುಕೊಳ್ಳುತ್ತಿದ್ದ ಹೊತ್ತಿನಲ್ಲೇ ಮೂಗು ‘ಆರಾಮ’ ಎಂದು ಹೇಳುತ್ತಿತ್ತು. ಮಲ್ಲಿಗೆಗೆ ಎದೆ ಹಿಡಿದಂತಾಗಿ ಅಂಕಿ ಅಲುಗಲಿಲ್ಲ, ನೀಲಗಿರಿಗೆ ಎದೆ ತೆರೆದಂತಾಗಿ ಅಂಕಿ ಬಿತ್ತು. ಈ ಎರಡು ಪುಟಗಳನ್ನು ಈಗ ಬೇರೆ ರೋಗಿಗಳಿಗೂ ತೋರಿಸುತ್ತೇನೆ.

ಕೊನೆಗೆ ಅಗರಬತ್ತಿ. ಹಜಾರದಲ್ಲಿ ಒಂದೇ ಕಡ್ಡಿ, ಕಿಟಕಿ ತೆರೆದು: 362ರಿಂದ ಎರಡು ಗಂಟೆಗೆ 315, ಮರುದಿನ ಬೆಳಿಗ್ಗೆ 330. ‘ಹೊಗೆರಹಿತ’ ಎಂದು ಪೊಟ್ಟಣದ ಮೇಲಿದ್ದ ಕಡ್ಡಿಗೆ 322. ಎದೆಗಿಳಿಯುವ ಕಣ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಕಡ್ಡಿ ಕನಲುತ್ತಿದ್ದರೆ ಕಣವೂ ಬರುತ್ತಿರುತ್ತದೆ. ಹಿತ್ತಲಿನ ತುಳಸಿ ಕಟ್ಟೆಯಲ್ಲಿ ಹಚ್ಚಿ ಹಿಂದಿನ ಬಾಗಿಲು ಮುಚ್ಚಿದಾಗ ಒಳಗಿದ್ದವರ ಅಂಕಿ 360. ಸಾಂಬ್ರಾಣಿಯನ್ನು ಒಳಗೆ ಪರೀಕ್ಷಿಸುವ ಗೋಜಿಗೇ ಹೋಗಲಿಲ್ಲ.

ಈಗ ಆ ಮನೆಯ ಪರಿಮಳ

ಗಂಧ ತೇಯುವುದು ಮತ್ತೆ ಶುರುವಾಗಿದೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು, ಶ್ರೀಗಂಧದ ಕೊರಡಿನ ಹತ್ತು ಸುತ್ತು. ಗಂಧದ ಎಣ್ಣೆ ಭಾರದ್ದು, ಬೇಗ ಆವಿಯಾಗುವುದಿಲ್ಲ. ಅದಕ್ಕೇ ಒಂದೇ ಸಲ ಮುಖಕ್ಕೆ ರಾಚದೆ ಗಂಟೆಗಟ್ಟಲೆ ನವಿರಾಗಿ ಇರುತ್ತದೆ. ಅಂಕಿ ಕದಲಲಿಲ್ಲ.

ಲಾವಂಚದ್ದೂ ಇದೇ ಗುಣ. ಗ್ರಂಥಿಗೆ ಅಂಗಡಿಯಿಂದ ಒಂದು ಹಿಡಿ ಬೇರು ತಂದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿಟ್ಟರು, ನುಸಿಗುಳಿಗೆ ಇದ್ದ ಜಾಗದಲ್ಲಿ. ಇನ್ನೊಂದು ಕಟ್ಟನ್ನು ಹಜಾರದಲ್ಲಿ ನೀರಿನ ಬಟ್ಟಲಿನಲ್ಲಿ ನೆನೆಸಿಟ್ಟಿದ್ದರು, ಅಲ್ಲಿ ಎಡವಟ್ಟಾಯಿತು. ಒದ್ದೆ ಬೇರನ್ನು ವಾರ ಕಳೆದರೂ ತೆಗೆಯಲಿಲ್ಲ, ಮಳೆಗಾಲ ಬೇರೆ. ಮೇಡಂಗೆ ರಾತ್ರಿ ಕೆಮ್ಮು, ಅಂಕಿ 340. ಬಟ್ಟಲು ಮೂಸಿದರೆ ಅದೇ ಮುಗ್ಗಲು. ಲಾವಂಚ ನೆನೆಸಿದರೆ ಸಂಜೆಗೆ ತೆಗೆದು ಬಿಸಿಲಿಗೆ ಹಾಕಬೇಕು. ಬಿಸಿಲಿಲ್ಲದ ತಿಂಗಳಲ್ಲಿ ನೆನೆಸಲೇಬಾರದು. ಒಣ ಬೇರು ಸಾಕು.

ಹೂವು ಹಜಾರದಲ್ಲಿ, ದೇವರ ಮನೆಯಲ್ಲಿ. ಮಲಗುವ ಕೋಣೆಯಲ್ಲಿ ಯಾವ ಪರಿಮಳವೂ ಇಲ್ಲ, ಮಲ್ಲಿಗೆಯೂ ಇಲ್ಲ. ಎಂಟು ಗಂಟೆ ಮುಚ್ಚಿದ ಕೋಣೆಯಲ್ಲಿ ಉಸಿರಾಡುವಾಗ ಸ್ವಲ್ಪವೂ ಹೆಚ್ಚೇ. ಅಂಕಿ 312ಕ್ಕಿಂತ ಕೆಳಗಿದ್ದ ದಿನ, ಅಂದರೆ ಅವರ ಅತ್ಯುತ್ತಮದ ಶೇಕಡಾ 80ಕ್ಕಿಂತ ಕಡಿಮೆ ಇದ್ದ ದಿನ, ಹೊಸ ಪರಿಮಳ ಯಾವುದೂ ಬೇಡ ಎಂದು ಹೇಳಿದ್ದೇನೆ.

ಈ ಪ್ರಕರಣದಿಂದ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಬೇಕು. ಔಷಧ ಏರಿಸಿದ್ದೆ, ಇನ್ಹೇಲರ್ ಎಳೆಯುವುದನ್ನು ತಿದ್ದಿದ್ದೆ, ಬೂಷ್ಟು ಹೋಯಿತು, ಹೊಗೆ ನಿಂತಿತು. ಸುಧಾರಣೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಬರುವುದಿಲ್ಲ. ಒಂದೊಂದಾಗಿ ಪರೀಕ್ಷಿಸಿದ್ದರಿಂದ ಅಗರಬತ್ತಿ ಮತ್ತು ನೀಲಗಿರಿಯ ವಿಷಯದಲ್ಲಿ ಮಾತ್ರ ನನಗೆ ಧೈರ್ಯವಿದೆ. ಇನ್ನೊಬ್ಬರಿಗೆ ಶ್ರೀಗಂಧವೇ ಆಗದಿರಬಹುದು, ಅವರ ನೋಟ್‌ಬುಕ್ಕೇ ಅದನ್ನು ಹೇಳಬೇಕು. ಪರಿಮಳ ಬಿಟ್ಟೆವೆಂದು ಇನ್ಹೇಲರ್ ಬಿಡುವಂತೆಯೂ ಇಲ್ಲ. ಮರುವರ್ಷದ ಫೆಬ್ರವರಿಯಲ್ಲಿ, ಮೂರು ತಿಂಗಳಿಗೂ ಹೆಚ್ಚು ಕಾಲ ಅಂಕಿ ಸ್ಥಿರವಾಗಿದ್ದ ಮೇಲೆ, ಔಷಧವನ್ನು ಹಳೆಯ ಪ್ರಮಾಣಕ್ಕೆ ಇಳಿಸಿದೆ.

ಕಳೆದ ತಿಂಗಳು ನೆಂಟರ ಗೃಹಪ್ರವೇಶದಲ್ಲಿ ಹೋಮದ ಹೊಗೆಗೆ ಒಮ್ಮೆ ದಮ್ಮು ಬಂತಂತೆ. ಎದ್ದು ಹೊರಗೆ ಬಂದು, ಪಂಪು ತೆಗೆದುಕೊಂಡು, ಊಟಕ್ಕೆ ಒಳಗೆ ಹೋದರು. ಮನೆಯಲ್ಲಿ ಶುಕ್ರವಾರದ ಸಾಂಬ್ರಾಣಿ ತುಳಸಿ ಕಟ್ಟೆಯ ಹತ್ತಿರವೇ ನಡೆಯುತ್ತಿದೆ. ಅದಕ್ಕೂ ಮೊದಲು ಅತ್ತೆ ಅಡುಗೆಮನೆಯ ಕಡೆ ಕೂಗಿ ಕೇಳುತ್ತಾರೆ: “ಇವತ್ತು ಎಷ್ಟು ಊದಿದ್ಯೇ?” ಮುನ್ನೂರೈವತ್ತು ದಾಟಿದ್ದರೆ ಮಾತ್ರ ಬೆಂಕಿಪೊಟ್ಟಣ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಾರೆ, ಇಲ್ಲದಿದ್ದರೆ ಎರಡು ಕಾಳು ಅಕ್ಷತೆ.